ಬುಲೆಟ್ ಪಟ್ಟಿ, ಕೋಷ್ಟಕ: ಗದ್ಯ ಕುಗ್ಗಿಸುವಾಗ ಉದುರಿಹೋಗುವುದೇನು?

ಉದ್ದನೆಯ ಗದ್ಯವನ್ನು ತುಂಡು ತುಂಡು ಅಂಶಗಳಾಗಿ ಒಡೆದು ಪ್ರತಿಯೊಂದರ ಮುಂದೆ ಚುಕ್ಕಿ ಇಟ್ಟರೆ ಅದು ಬುಲೆಟ್ ಪಟ್ಟಿ. ಅವನ್ನೇ ಚೌಕದ ಮನೆಗಳಲ್ಲಿ ಕೂರಿಸಿದರೆ ಕೋಷ್ಟಕ. ಜಾಗ ಉಳಿಯುತ್ತದೆ, ಬೇಕಾದ್ದು ಥಟ್ಟನೆ ಸಿಗುತ್ತದೆ. ಬಸ್ಸಿನ ವೇಳಾಪಟ್ಟಿಯನ್ನು ಪ್ಯಾರಾ ಪ್ಯಾರಾ ಬರೆದರೆ ಓದುವವರಾರು?

ತೊಡಕು ಬರುವುದು ಅಂಶಗಳು ಒಂದಕ್ಕೊಂದು ಹೆಣೆದುಕೊಂಡಿರುವಲ್ಲಿ. ಕನ್ನಡದಲ್ಲಿ ಆ ಹೆಣಿಗೆ ಬಹುಪಾಲು ಕ್ರಿಯಾಪದದ ತುದಿಯಲ್ಲಿ ಇರುತ್ತದೆ. ‘ಪರೀಕ್ಷೆಯ ಫಲಿತಾಂಶ ಚೆನ್ನಾಗಿದ್ದರೂ, ಬಳಸಿದ ತುಂಡು ತೀರಾ ಚಿಕ್ಕದಾಗಿದ್ದರಿಂದ ಅದನ್ನು ನೆಚ್ಚುವಂತಿಲ್ಲ’ ಎಂಬ ವಾಕ್ಯವನ್ನು ಪಟ್ಟಿ ಮಾಡಿ ನೋಡಿ:

- ಫಲಿತಾಂಶ: ಉತ್ತಮ
- ಬಳಸಿದ ತುಂಡು: ಚಿಕ್ಕದು

ಎರಡೂ ನಿಜ. ಆದರೆ ‘ಇದ್ದರೂ’, ‘ಇದ್ದರಿಂದ’ ಹೋದವು, ಜೊತೆಗೆ ತೀರ್ಮಾನವೂ ಹೋಯಿತು. ಮೊದಲ ಸಾಲು ಓದಿದವರಿಗೆ ಧೈರ್ಯ ಬರುತ್ತದೆ.

ಇದು ಬರೀ ಊಹೆಯ ಉದಾಹರಣೆಯಲ್ಲ. 2003ರ ಜನವರಿ 16ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಮೇಲೇರಿದ ಸುಮಾರು 82 ಸೆಕೆಂಡಿಗೆ ಇಂಧನ ಟ್ಯಾಂಕಿನ ಫೋಮ್ ತುಂಡೊಂದು ಕಳಚಿ ಎಡರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಕಕ್ಷೆಯಲ್ಲಿರುವಾಗಲೇ ಬೋಯಿಂಗ್ ಎಂಜಿನಿಯರುಗಳು ಹಾನಿಯನ್ನು ಅಂದಾಜು ಮಾಡಿ ನಾಸಾಕ್ಕೆ ಸ್ಲೈಡುಗಳಲ್ಲಿ ತೋರಿಸಿದರು. ಒಂದು ಸ್ಲೈಡಿನ ತಲೆಬರಹ, ಲೆಕ್ಕಾಚಾರ ಸುರಕ್ಷತೆಯ ಕಡೆಗೇ ವಾಲಿದೆ ಎಂಬ ಭಾವ ಕೊಡುತ್ತಿತ್ತು. ಅದರ ಕೆಳಗೆ ಬುಲೆಟ್, ಬುಲೆಟ್ಟಿನೊಳಗೆ ಬುಲೆಟ್. ತೀರಾ ತಳದಲ್ಲಿ, ಸಣ್ಣ ಅಕ್ಷರದಲ್ಲಿ ಇದ್ದದ್ದು ಇದು: ಪರೀಕ್ಷೆಯ ತುಂಡು 3 ಘನ ಅಂಗುಲ, ನಿಜವಾಗಿ ಬಡಿದದ್ದರ ಅಂದಾಜು 1920. ಆರುನೂರಕ್ಕೂ ಹೆಚ್ಚು ಪಟ್ಟು ದೊಡ್ಡದು! ಗದ್ಯದಲ್ಲಿ ಬರೆದಿದ್ದರೆ ‘ಇಷ್ಟು ದೊಡ್ಡ ತುಂಡಿನ ಮೇಲೆ ನಮ್ಮ ಬಳಿ ಪರೀಕ್ಷೆಯೇ ಇಲ್ಲ, ಆದ್ದರಿಂದ’ ಎಂದು ವಾಕ್ಯ ಮುಗಿಸಲೇಬೇಕಿತ್ತು. ಬುಲೆಟ್ಟಿಗೆ ಆ ‘ಆದ್ದರಿಂದ’ದ ಹಂಗಿಲ್ಲ.

ಫೆಬ್ರವರಿ 1ರಂದು ಮರಳುವಾಗ ನೌಕೆ ಒಡೆದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ತೀರಿಕೊಂಡರು. ಸ್ಲೈಡೇ ಅವರ ಜೀವ ತೆಗೆಯಿತು ಎನ್ನುವುದು ಅತಿಯಾದೀತು. ರೆಕ್ಕೆಯ ಚಿತ್ರ ತೆಗೆಸಿ ಎಂದು ಎಂಜಿನಿಯರುಗಳು ಕೇಳಿದ್ದೂ ಕೈಗೂಡಿರಲಿಲ್ಲ. ಆದರೂ ಅದೇ ವರ್ಷ ಬಂದ ತನಿಖಾ ಮಂಡಳಿಯ ವರದಿ, ಮಾಹಿತಿ ವಿನ್ಯಾಸದ ತಜ್ಞ ಎಡ್ವರ್ಡ್ ಟಫ್ಟಿ ಮಾಡಿದ ಈ ಸ್ಲೈಡಿನ ವಿಶ್ಲೇಷಣೆಗೆ ಜಾಗ ಕೊಟ್ಟಿತು.

ಪಟ್ಟಿ ಮಾಡಬಹುದೇ ಎಂದು ತಿಳಿಯಲು ನಾನು ಮಾಡುವುದು ಸುಲಭದ ಕೆಲಸ: ಅಂಶಗಳ ಕ್ರಮ ಅದಲು ಬದಲು ಮಾಡಿ ಓದುತ್ತೇನೆ. ಅರ್ಥ ಕದಲದಿದ್ದರೆ ಪಟ್ಟಿ ಸಾಕು. ಒಂದನ್ನು ಕಿತ್ತಾಗ ಇನ್ನೊಂದು ಸುಳ್ಳಾಗುವಂತಿದ್ದರೆ ಅವೆರಡೂ ಒಂದೇ ವಾಕ್ಯದಲ್ಲಿರಬೇಕು. ಕೋಷ್ಟಕದಲ್ಲಿ ಖಾಲಿ ಮನೆಗಳನ್ನು ನೋಡಬೇಕು. ಅಲ್ಲಿ ‘ಸೊನ್ನೆ’, ‘ಅನ್ವಯಿಸದು’, ‘ಯಾರೂ ಪರೀಕ್ಷಿಸಿಲ್ಲ’ ಮೂರೂ ಒಂದೇ ಥರ ಕಾಣುತ್ತವೆ. ಯಾವುದೆಂದು ಆ ಮನೆಯಲ್ಲೇ ಬರೆಯಬೇಕು, ಅಗಲ ಸಾಲದಿದ್ದರೆ ಕೆಳಗೊಂದು ಪೂರ್ತಿ ವಾಕ್ಯ ಹಾಕಬೇಕು.