ಹೊಸ ಇಂಟರ್ನೆಟ್‌ಗೆ ದುಡ್ಡು ಕಟ್ಟೋ ಮುಂಚೆ ರಾತ್ರಿ ಒಂಬತ್ತಕ್ಕೆ ಒಂದು ಟೆಸ್ಟ್ ಮಾಡಿ

"100 ಎಂಬಿಪಿಎಸ್ ಪ್ಲಾನ್ ಐತ್ರಿ. ಹಗಲಿ ಚಲೋ ಬರ್ತೈತಿ, ರಾತ್ರಿ ಆತಂದ್ರ ಮೀಟಿಂಗ್‌ನ್ಯಾಗ ಮಾತು ತುಂಡ್ ತುಂಡ್ ಆಗ್ತಾವ. ಕಂಪನಿ ಬದ್ಲಿ ಮಾಡಿಬಿಡ್ಲೇನ್ರಿ?"

ಬೆಳಗಾವಿಯಲ್ಲಿ ಮನೆ, ಅಂಗಡಿ, ಸಣ್ಣ ಆಫೀಸುಗಳಿಗೆ ನೆಟ್‌ವರ್ಕ್ ಹಾಕಿಕೊಡುವುದು ನನ್ನ ಕೆಲಸ. ಈ ಪ್ರಶ್ನೆ ಕೇಳದೆ ವಾರ ಮುಗಿಯುವುದಿಲ್ಲ. ಬದಲಿ ಮಾಡಿ ಅಂತ ಹೇಳುವುದು ಸುಲಭ. ಆದರೆ ಎಲ್ಲಿ ಸಿಕ್ಕಿಕೊಂಡಿದೆ ಅಂತ ನೋಡದೆ ಬದಲಿ ಮಾಡಿದರೆ ಹೊಸ ಬಿಲ್, ಹೊಸ ಡಬ್ಬಿ, ಅದೇ ಹಳೆ ತೊಂದರೆ.

ಮೊದಲು ಒಂದು ವಿಷಯ ತಿಳ್ಕೊಳ್ಳಿ. ಪ್ಲಾನ್ ಮೇಲಿನ 100 ಅನ್ನೋದು ನಿಮಗೆ ಇದಕ್ಕಿಂತ ಜಾಸ್ತಿ ಬಿಡುವುದಿಲ್ಲ ಅನ್ನುವ ಮಿತಿ. ಇಷ್ಟು ಯಾವಾಗಲೂ ಕೊಡುತ್ತೇವೆ ಅಂತ ಅಲ್ಲ. ದಾರಿಯಲ್ಲಿ ಎರಡು ಕಡೆ ನಿಮ್ಮ ಲೈನ್ ಬೇರೆಯವರ ಜೊತೆ ಹಂಚಿಕೆ ಆಗುತ್ತದೆ.

ಮೊದಲನೆಯ ಕಡೆ ನಿಮ್ಮ ಓಣಿಯ ಕಂಬದ ಮೇಲೆ ಇದೆ. ಅಲ್ಲಿನ ಕಪ್ಪು ಡಬ್ಬಿಯೊಳಗೆ ಸ್ಪ್ಲಿಟರ್ ಇರುತ್ತದೆ. ಆಪರೇಟರ್ ಹತ್ತಿರದ ಯಂತ್ರದ ಒಂದು ಪೋರ್ಟಿನಿಂದ ಬಂದ ಒಂದೇ ಫೈಬರ್ ಇಂಥ ಸ್ಪ್ಲಿಟರ್‌ಗಳಲ್ಲಿ ಒಡೆದು 32 ಅಥವಾ 64 ಮನೆಗೆ ಹೋಗುತ್ತದೆ. ಆ ಯಂತ್ರಕ್ಕೆ ಓಎಲ್‌ಟಿ ಅಂತಾರೆ. ಅದು ಜಿಪಾನ್ ಅನ್ನೋ ಬಗೆಯದ್ದಾಗಿದ್ದರೆ ಒಂದು ಪೋರ್ಟಿನಲ್ಲಿ ಡೌನ್‌ಲೋಡ್‌ಗೆ ಸುಮಾರು 2,500 ಎಂಬಿಪಿಎಸ್ ಇರುತ್ತದೆ. 64 ಮನೆಯವರೂ 100ರ ಪ್ಲಾನ್ ತಗೊಂಡರೆ ಮಾರಿದ್ದು 6,400, ಇರೋದು 2,500. ಅಂದರೆ ಎರಡೂವರೆ ಪಟ್ಟು ಜಾಸ್ತಿ ಮಾರಿದ ಹಾಗೆ, ಇದು ಏನೂ ಗಾಬರಿ ಪಡುವಂಥದ್ದಲ್ಲ. ಎಲ್ಲರೂ ಒಂದೇ ಕ್ಷಣಕ್ಕೆ ಪೂರ್ತಿ ಸ್ಪೀಡ್ ಎಳೆಯುವುದಿಲ್ಲವಲ್ಲ. ಹಳೆಯ ಈಪಾನ್ ಯಂತ್ರವಾದರೆ ಪೋರ್ಟಿಗೆ ಸುಮಾರು 1,000 ಮಾತ್ರ, ಆಗ ಸ್ವಲ್ಪ ಯೋಚನೆ ಮಾಡಬೇಕು.

ಎರಡನೆಯ ಕಡೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ, ಬಹಳ ಸಲ ಕಳ್ಳ ಇರೋದು ಅಲ್ಲೇ. ಆಪರೇಟರ್ ಸ್ವತಃ ಮೇಲಿನವರಿಂದ ಬ್ಯಾಂಡ್‌ವಿಡ್ತ್ ಕೊಂಡುಕೊಳ್ಳುತ್ತಾನೆ, ಅದಕ್ಕೆ ಅಪ್‌ಲಿಂಕ್ ಅಂತಾರೆ. ಒಂದು ಲೆಕ್ಕ ಹಾಕೋಣ. ಅವನ ಹತ್ತಿರ 600 ಗಿರಾಕಿಗಳು, ಎಲ್ಲರದ್ದೂ 100ರ ಪ್ಲಾನ್. ಮಾರಿದ್ದು 60,000 ಎಂಬಿಪಿಎಸ್. ಕೊಂಡಿದ್ದು 2,000. ಅನುಪಾತ 30ಕ್ಕೆ 1. ಇದೇ ಕಂಟೆನ್ಶನ್ ರೇಶಿಯೋ. ಕೇಳಿದರೆ ಮೋಸ ಅನ್ನಿಸುತ್ತದೆ, ಆದರೆ ಟೆಲಿಕಾಂ ನಿಯಂತ್ರಕ ಟ್ರಾಯ್ 2009ರಲ್ಲಿ ಮನೆ ಗಿರಾಕಿಗಳಿಗೆ 50ಕ್ಕೆ 1ರವರೆಗೂ ಆಗಬಹುದು ಅಂತಲೇ ಹೇಳಿತ್ತು. ಸಾಮಾನ್ಯ ಸಂಜೆ 200 ಮನೆಯಲ್ಲಿ ಎಚ್‌ಡಿ ವಿಡಿಯೋ ನಡೆದರೆ, ಒಂದಕ್ಕೆ 5ರಂತೆ 1,000 ಸಾಕು. ಭಾರತದ ಕ್ರಿಕೆಟ್ ಮ್ಯಾಚ್ ಇದ್ದ ರಾತ್ರಿ 400 ಮನೆ ಹಚ್ಚಿ ಕೂತು, ಅದರಲ್ಲಿ ಕೆಲವರು 4ಕೆ ನೋಡಿದರೆ, 2,000 ಮುಗಿದೇ ಹೋಗುತ್ತದೆ. ಆಗ ಡೇಟಾದ ಸಣ್ಣ ತುಣುಕುಗಳಾದ ಪ್ಯಾಕೆಟ್‌ಗಳು ದಾರಿಯಲ್ಲೇ ಕಳೆದುಹೋಗುತ್ತವೆ, ಮೀಟಿಂಗ್‌ನ ಮಾತು ತುಂಡಾಗುತ್ತದೆ.

ಹಾಗಾಗಿ ಅನುಪಾತದ ಅಂಕಿ ಒಂದನ್ನೇ ಹಿಡಿದು ಜಗಳ ಆಡಬೇಡಿ. ಅಂಗಡಿಯವರೇ ಜಾಸ್ತಿ ಇರುವ ಕಡೆ 40ಕ್ಕೆ 1 ಇದ್ದರೂ ರಾತ್ರಿ ಆರಾಮಾಗಿ ನಡೆಯಬಹುದು, ಹುಡುಗರ ಪಿಜಿಗಳು ತುಂಬಿದ ಓಣಿಯಲ್ಲಿ 20ಕ್ಕೆ 1 ಕೂಡ ಸಾಲದೇ ಹೋಗಬಹುದು. ಕೇಳಿದರೂ ಬಾಗಿಲಿಗೆ ಬರುವ ಹುಡುಗನಿಗೆ ಅದು ಗೊತ್ತಿರುವುದಿಲ್ಲ, ಪಾಪ. ಅಳೆದು ನೋಡುವುದೇ ದಾರಿ.

ಟಿಳಕವಾಡಿಯ ಒಂದು ಮನೆಯದ್ದೇ ಹೇಳುತ್ತೇನೆ. ಮಗಳು ಪುಣೆಯ ಕಂಪನಿಗೆ ಮನೆಯಿಂದ ಕೆಲಸ ಮಾಡುತ್ತಾಳೆ, ಅಮೆರಿಕದ ಗಿರಾಕಿಗಳ ಜೊತೆ ರಾತ್ರಿ ಮೀಟಿಂಗ್. ಲೋಕಲ್ ಕೇಬಲ್‌ನವರ 100ರ ಪ್ಲಾನ್ ಇತ್ತು. ದೊಡ್ಡ ಕಂಪನಿಯೊಂದರ ಹುಡುಗ ಬಂದು 200ರ ಪ್ಲಾನ್ ಹೇಳಿ ಹೋಗಿದ್ದ. ವರ್ಷದ ದುಡ್ಡು ಮೊದಲೇ ಕಟ್ಟಬೇಕು.

ಲ್ಯಾಪ್‌ಟಾಪ್ ಅನ್ನು ಕೇಬಲ್‌ನಿಂದ ಮನೆಯ ರೂಟರ್ ಡಬ್ಬಿಗೆ ನೇರ ಹಚ್ಚಿದೆವು. ವೈಫೈ ಮೇಲೆ ಅಳೆದರೆ ಗೋಡೆಯ ತಪ್ಪನ್ನೂ ಕಂಪನಿ ಮೇಲೆ ಹಾಕುತ್ತೀರಿ. ಮಧ್ಯಾಹ್ನ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ, ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇಷ್ಟು ಹಾಕಿದೆವು:

```
ping -n 100 192.168.1.1
ping -n 100 8.8.8.8
```

ಮೊದಲನೆಯದು ಮನೆಯ ಡಬ್ಬಿವರೆಗೆ (ನಿಮ್ಮಲ್ಲಿ ವಿಳಾಸ ಬೇರೆ ಇರಬಹುದು, ಡಬ್ಬಿ ಹಿಂದೆ ಬರೆದಿರುತ್ತದೆ). ಎರಡನೆಯದು ಹೊರಗಿನವರೆಗೆ. ಡಬ್ಬಿಗೆ ಎರಡೂ ಹೊತ್ತು 1 ಮಿಲಿಸೆಕೆಂಡ್, ಅಂದರೆ ಮನೆಯೊಳಗೆ ತೊಂದರೆ ಇಲ್ಲ. ಹೊರಗೆ ಮಾತ್ರ ಮಧ್ಯಾಹ್ನ 25 ಇದ್ದದ್ದು ರಾತ್ರಿ 140, ಜೊತೆಗೆ ನೂರರಲ್ಲಿ 6 ಪ್ಯಾಕೆಟ್ ಕಾಣೆ. ಡೌನ್‌ಲೋಡ್‌ಗೆ ಇದು ಹೆಂಗೋ ನಡೆಯುತ್ತದೆ, ಮಾತಾಡುವ ಮೀಟಿಂಗ್‌ಗೆ ನಡೆಯುವುದಿಲ್ಲ.

ಮುಂದಿನದ್ದು ಸ್ಪೀಡ್ ಟೆಸ್ಟ್, ಇಲ್ಲೇ ಬಹಳ ಜನ ಮೋಸ ಹೋಗೋದು. ಸ್ಪೀಡ್ ಟೆಸ್ಟ್ ಸಾಮಾನ್ಯವಾಗಿ ಹತ್ತಿರದ ಸರ್ವರ್ ತಾನೇ ಆರಿಸಿಕೊಳ್ಳುತ್ತದೆ, ಅದು ಎಷ್ಟೋ ಸಲ ನಿಮ್ಮ ಆಪರೇಟರ್‌ನದ್ದೇ ಇರುತ್ತದೆ, ಅಂದರೆ ಅಪ್‌ಲಿಂಕ್ ದಾಟದೆಯೇ ಅಳತೆ ಮುಗಿದುಹೋಗುತ್ತದೆ. ನಮ್ಮಲ್ಲೂ ಹಾಗೇ ಆಯ್ತು, ರಾತ್ರಿ ಒಂಬತ್ತಕ್ಕೂ 94 ಬಂತು. Change Server ಒತ್ತಿ ಮುಂಬೈಯ ಬೇರೆ ಕಂಪನಿಯ ಸರ್ವರ್ ಆರಿಸಿದಾಗ 11. ಕಂಬದಿಂದ ಆಪರೇಟರ್‌ವರೆಗಿನ ದಾರಿ ಗಟ್ಟಿ ಇದೆ, ಸಿಕ್ಕಿಕೊಂಡಿರೋದು ಅವನ ಅಪ್‌ಲಿಂಕ್‌ನಲ್ಲಿ, ಅಂತ ಇದರ ಅರ್ಥ. ಎರಡೂ ಅಳತೆ ಕಡಿಮೆ ಬಂದಿದ್ದರೆ ಓಣಿಯ ಪೋರ್ಟನ್ನು ಅನುಮಾನಿಸಬೇಕಿತ್ತು. ಯೂಟ್ಯೂಬ್ ಚೆನ್ನಾಗಿ ಓಡುತ್ತದೆ, ಆಫೀಸಿನ ವಿಪಿಎನ್ ಮಾತ್ರ ಅಳುತ್ತದೆ ಅನ್ನುವುದಕ್ಕೂ ಬಹಳ ಸಲ ಇದೇ ಕಾರಣ. ಜನ ಜಾಸ್ತಿ ನೋಡುವ ವಿಡಿಯೋಗಳ ನಕಲು ಆಪರೇಟರ್ ಹತ್ತಿರದ ಕ್ಯಾಶ್ ಸರ್ವರ್‌ನಲ್ಲೇ ಇರಬಹುದು, ಅದು ಅಪ್‌ಲಿಂಕ್ ದಾಟಿ ಬರಬೇಕಾಗಿಲ್ಲ. ಇಂಥ ಕಡೆ ಅದೇ ಆಪರೇಟರ್‌ನ 200ರ ಪ್ಲಾನ್‌ಗೆ ಏರಿದರೆ ಏನೂ ಬದಲಾಗುವುದಿಲ್ಲ.

ಹೊಸ ಕಂಪನಿ ಹೆಂಗಿದೆ ಅಂತ ನೋಡುವ ಮುಂಚೆ ಒಂದು ಪ್ರಶ್ನೆ: ಮನೆವರೆಗೆ ಲೈನ್ ತರುವವರು ಯಾರು? ನಮ್ಮ ಕಡೆ ದೊಡ್ಡ ಹೆಸರಿನ ಕಂಪನಿಗಳೂ ಎಷ್ಟೋ ಸಲ ಲೋಕಲ್ ಕೇಬಲ್‌ನವರ ಜೊತೆ ಒಪ್ಪಂದ ಮಾಡಿಕೊಂಡು ಅವರ ಫೈಬರ್ ಮೇಲೆಯೇ ಬರುತ್ತವೆ. ಬಿಲ್ ಮೇಲಿನ ಹೆಸರು ಬೇರೆ, ಕಂಬದ ಮೇಲಿನ ಡಬ್ಬಿ ಅದೇ. ಈ ಮನೆಯಲ್ಲಿ ಹೊಸ ಕಂಪನಿಯದ್ದು ಬೇರೆ ಫೈಬರ್, ಬೇರೆ ಅಪ್‌ಲಿಂಕ್ ಅಂತ ಗೊತ್ತಾಯ್ತು. ಅದನ್ನು ಹೇಳಿದ್ದು ಮಾರುವ ಹುಡುಗ ಅಲ್ಲ, ಕಂಬ ಹತ್ತುವ ಟೆಕ್ನಿಶಿಯನ್. ಆಮೇಲೆ ಎದುರು ಮನೆಯ ಅಕ್ಕಾರ ಹತ್ತಿರ ಅದೇ ಕಂಪನಿ ಲೈನ್ ಇತ್ತು, "ಅಕ್ಕಾರ, ಹತ್ತು ನಿಮಿಷ ಲ್ಯಾಪ್‌ಟಾಪ್ ಹಚ್ಚಿ ನೋಡ್ಲೇನ್ರಿ?" ಅಂತ ಕೇಳಿ ಭಾನುವಾರ ರಾತ್ರಿ ಒಂಬತ್ತಕ್ಕೆ ಅಲ್ಲೂ ಅದೇ ಟೆಸ್ಟ್ ಮಾಡಿದೆವು. 200ರ ಲೈನ್‌ನಲ್ಲಿ ಮುಂಬೈಗೆ 160, ಪಿಂಗ್ 30, ಪ್ಯಾಕೆಟ್ ಒಂದೂ ಕಾಣೆಯಾಗಿಲ್ಲ. ಚಹಾನೂ ಕೊಟ್ಟರು. ಯಾವ ಜಾಹೀರಾತಿಗಿಂತ ಅದೇ ಓಣಿಯ ಈ ಅಳತೆ ನನಗೆ ಮುಖ್ಯ.

ಇನ್ನು ಕರಾರು. ವರ್ಷದ ಪ್ಲಾನ್ ತಿಂಗಳಿಗೆ 499 ಅಂದರೆ 18% ಜಿಎಸ್‌ಟಿ ಸೇರಿ ಸುಮಾರು 589, ವರ್ಷಕ್ಕೆ 7,066 ರೂಪಾಯಿ ಒಮ್ಮೆಲೇ. ತಿಂಗಳ ಪ್ಲಾನ್ 599, ಜಿಎಸ್‌ಟಿ ಸೇರಿ ಸುಮಾರು 707, ಮೇಲೆ ಇನ್‌ಸ್ಟಾಲೇಶನ್ 1,180. ವರ್ಷ ಪೂರ್ತಿ ಇದ್ದರೆ ಮೊದಲನೆಯದೇ ಲಾಭ. ಆದರೆ ಮೂರನೇ ತಿಂಗಳಿಗೆ ಬಿಡಬೇಕಾಗಿ ಬಂದರೆ ತಿಂಗಳ ಪ್ಲಾನ್‌ನವನು ಒಟ್ಟು ಕಟ್ಟಿದ್ದು ಸುಮಾರು 3,300, ವರ್ಷದವನಿಗೆ ವಾಪಸ್ ಕೊಡದಿದ್ದರೆ ಬಾಕಿ ಒಂಬತ್ತು ತಿಂಗಳ 5,300 ಹೋಯಿತು. ಅದಕ್ಕೇ ಮೊದಲ ಎರಡು ತಿಂಗಳು ತಿಂಗಳ ಲೆಕ್ಕದಲ್ಲೇ ಇರಿ, ಮ್ಯಾಚ್ ರಾತ್ರಿಯೂ ಚೆನ್ನಾಗಿ ನಡೆಯಿತು ಅಂದರೆ ಆಮೇಲೆ ವರ್ಷದ್ದು ಕಟ್ಟಿ ಅಂತ ನಾನು ಹೇಳೋದು. ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್, ಡಬ್ಬಿ ಯಾರದ್ದು, ಡೆಪಾಸಿಟ್ ಎಷ್ಟು, ಮನೆ ಬದಲಾದರೆ ಲೈನ್ ಬರುತ್ತದಾ ಅಂತ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿನ 'ಫ್ರೀ ರೂಟರ್' ಬಹಳ ಸಲ ವಾಪಸ್ ಕೊಡಬೇಕಾದದ್ದೇ ಆಗಿರುತ್ತದೆ. ಅನ್‌ಲಿಮಿಟೆಡ್ ಅಂದರೂ ಎಷ್ಟು ಜಿಬಿ ಆದಮೇಲೆ ಸ್ಪೀಡ್ ಇಳಿಸುತ್ತಾರೆ ಅಂತಲೂ ಕೇಳಿ.

"ನಾಳೇನ ಹಚ್ಚಿಕೊಡ್ತೀವ್ರಿ" ಅನ್ನೋ ಮಾತಿಗೆ ಬಂದರೆ, ಮಾರುವವರ ಆ್ಯಪ್‌ನಲ್ಲಿ ನಿಮ್ಮ ಏರಿಯಾ ಹಸಿರು ತೋರಿಸಿದ್ದು ಅಷ್ಟೇ. ಕಂಬದ ಡಬ್ಬಿಯಲ್ಲಿ ಪೋರ್ಟ್ ಖಾಲಿ ಇದೆಯಾ ಅಂತ ಅದಕ್ಕೆ ಗೊತ್ತಿರುವುದಿಲ್ಲ. ಟಿಳಕವಾಡಿಯಲ್ಲೂ ದುಡ್ಡು ಕಟ್ಟಿದ ಮೇಲೆಯೇ ತಿಳಿಯಿತು, ಹತ್ತಿರದ ಡಬ್ಬಿ ತುಂಬಿದೆ ಅಂತ. ಮುಂದಿನ ಕಂಬದಿಂದ ಎಳೆಯಬೇಕು, ಅದಕ್ಕೆ ಪಕ್ಕದ ಮನೆಯ ಮಾಳಿಗೆ ಮೇಲೆ ಹಾಯಬೇಕು, ಆ ಮನೆಯವರು ಊರಲ್ಲಿಲ್ಲ. ಅದರ ನಡುವೆ ಮಳೆ. ಎರಡು ವಾರದ ಮೇಲೆ ಹೋಯಿತು. ಹಳೆ ಪ್ಲಾನ್ ಅಷ್ಟರಲ್ಲಿ ಮುಗಿಯುತ್ತಿತ್ತು, ಒಂದು ತಿಂಗಳ ರೀಚಾರ್ಜ್ ಹಾಕಿಸಿ ಉಳಿಸಿಕೊಂಡಿದ್ದಕ್ಕೆ ಹುಡುಗಿಯ ಕೆಲಸ ನಿಲ್ಲಲಿಲ್ಲ. ದುಡ್ಡು ಕಟ್ಟೋ ಮುಂಚೆಯೇ ಟೆಕ್ನಿಶಿಯನ್‌ನನ್ನು ಕರೆಸಿ ಯಾವ ಕಂಬ, ಪೋರ್ಟ್ ಖಾಲಿ ಇದೆಯಾ, ಯಾರ ಮಾಳಿಗೆ ಹಾಯಬೇಕು ಅಂತ ನೋಡಿಸಿಬಿಡಿ. ಅಪಾರ್ಟ್‌ಮೆಂಟ್ ಆದರೆ ಸಂಘದ ಅನುಮತಿ ಬೇರೆ.

ಲೈನ್ ಹಚ್ಚಿದ ದಿನ ಟೆಕ್ನಿಶಿಯನ್‌ನ ಪವರ್ ಮೀಟರ್‌ನಲ್ಲಿ ಫೈಬರ್‌ನ ಬೆಳಕು ಎಷ್ಟು ಡಿಬಿಎಂ ಬಂತು ಅಂತ ನೋಡಿ ಫೋಟೋ ತೆಗೆದುಕೊಳ್ಳಿ. ಮೈನಸ್ 20ರ ಆಸುಪಾಸು ಇದ್ದರೆ ಚೊಲೋ. ಮೈನಸ್ 27ಕ್ಕೆ ಹತ್ತಿರ ಇದ್ದರೆ ಇವತ್ತು ನಡೆಯುತ್ತದೆ, ಜಾಯಿಂಟ್ ಸ್ವಲ್ಪ ಸಡಿಲಾದರೂ ಡಬ್ಬಿಯಲ್ಲಿ ಸಿಗ್ನಲ್ ಇಲ್ಲ ಅಂತ ತೋರಿಸುವ LOS ದೀಪ ಕೆಂಪಾಗಿ ಮಿನುಗಲು ಶುರು. ಅವನು ಅಲ್ಲೇ ಇರುವಾಗ ಜಾಯಿಂಟ್ ಮತ್ತೆ ಮಾಡಿಸಿಕೊಳ್ಳಿ, ಹೋದ ಮೇಲೆ ಕಂಪ್ಲೇಂಟ್ ನಂಬರ್ ಹಿಡಿದು ಕಾಯಬೇಕಾಗುತ್ತದೆ.

ಹಳೆ ಲೈನ್ ಕೂಡಲೇ ಕಡಿಸಬೇಡಿ. ಹೊಸದರ ಮೇಲೆ ಒಂದು ಶನಿವಾರ, ಭಾನುವಾರ ರಾತ್ರಿ ಕಳೆಯಲಿ, ಅದೇ ಪಿಂಗ್ ಮತ್ತೆ ಹಾಕಿ ನೋಡಿ. ಲ್ಯಾಂಡ್‌ಲೈನ್ ನಂಬರ್ ಜೊತೆಗೆ ಬಂದಿದ್ದರೆ ಅದು ಮೊಬೈಲ್ ನಂಬರ್ ಥರ ಪೋರ್ಟ್ ಆಗುವುದಿಲ್ಲ, ಬ್ಯಾಂಕಿನಲ್ಲಿ ಕೊಟ್ಟಿದ್ದರೆ ಮೊದಲು ಬದಲಿಸಿ. ಮನೆಯ ಸಿಸಿಟಿವಿಯನ್ನು ಹೊರಗಿನಿಂದ ನೋಡಲು ಸ್ಟ್ಯಾಟಿಕ್ ಐಪಿ ಹಾಕಿಸಿಕೊಂಡಿದ್ದವರು ಹೊಸ ಕಂಪನಿ ಅದನ್ನು ಕೊಡುತ್ತದಾ ಅಂತ ಕೇಳಿಕೊಳ್ಳಿ. ಹಳೆ ಡಬ್ಬಿ ವಾಪಸ್ ಕೊಡುವಾಗ ಸೀರಿಯಲ್ ನಂಬರ್ ಕಾಣುವ ಹಾಗೆ ಫೋಟೋ ತೆಗೆದು, ಸಿಕ್ಕಿತು ಅಂತ ರಸೀದಿ ಬರೆಸಿಕೊಂಡೇ ಕೈಬಿಡಿ, ಇಲ್ಲದಿದ್ದರೆ ಡೆಪಾಸಿಟ್ ಕೇಳಲು ಹೋದಾಗ "ಡಬ್ಬಿ ಬಂದೇ ಇಲ್ರಿ" ಅಂತಾರೆ.