ತಲೆಗೆ ಹಾಕುವ ವಿನೆಗರ್, ನಿಂಬೆರಸ ಸುಡುವುದು ಹೇಗೆ?

ಕೂದಲು ಹೊಳೆಯೋಕೆ ವಿನೆಗರ್ ನೀರು, ತಲೆಹೊಟ್ಟಿಗೆ ನಿಂಬೆರಸ. ಈ ಸಲಹೆ ಕೇಳದವರು ಯಾರಿದ್ದಾರೆ? ಇದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಆ ನಿಜ ಸೋಪಿನಿಂದ ತಲೆ ತೊಳೆಯುತ್ತಿದ್ದ ಕಾಲದ್ದು. ಬೋರ್‌ವೆಲ್ಲಿನ ಗಡಸು ನೀರಿಗೆ ಸೋಪು ಬೆರೆತರೆ ಬಿಳಿ ಜಿಗುಟು ಕೂದಲಿಗೆ ಅಂಟುತ್ತದೆ. ಹುಳಿ ಅದನ್ನು ಬಿಡಿಸುತ್ತದೆ, ಸೋಪಿನ ಕ್ಷಾರಕ್ಕೆ ಎದ್ದ ಕೂದಲಿನ ಹೊರಪದರ ಮತ್ತೆ ಮಲಗುತ್ತದೆ. ಈಗಿನ ಶಾಂಪೂವಿನಿಂದ ಇಂಥ ಜಿಗುಟು ಆಗುವುದೇ ಇಲ್ಲ. ಇನ್ನು ತಲೆಹೊಟ್ಟಿನ ಹಿಂದಿರುವ ಮಲಾಸೆಜಿಯಾ ಎಂಬ ಯೀಸ್ಟ್ ನೆತ್ತಿಯ ಎಣ್ಣೆ ತಿಂದು ಬದುಕುತ್ತದೆ. ಎರಡು ನಿಮಿಷ ಹುಳಿನೀರು ಸುರಿದರೆ ಅದು ಜಾಗ ಖಾಲಿ ಮಾಡುವುದಿಲ್ಲ.

ಜನ ಎಡವುವುದು ಪಿಎಚ್ ಲೆಕ್ಕದಲ್ಲಿ. ನೆತ್ತಿಯ ಪಿಎಚ್ ಸುಮಾರು 5.5, ಅಡುಗೆ ವಿನೆಗರ್‌ನದು ಸುಮಾರು 2.5. ಪಿಎಚ್ ಒಂದು ಇಳಿದರೆ ಹುಳಿ ಹತ್ತು ಪಟ್ಟು, ಮೂರು ಇಳಿದರೆ ಸಾವಿರ ಪಟ್ಟು. ಈಗ 15 ಮಿಲಿ ವಿನೆಗರನ್ನು ಅರ್ಧ ಲೀಟರ್ ನೀರಿಗೆ ಹಾಕಿ ನೋಡಿ. ಪಿಎಚ್ 3.2ರ ಹತ್ತಿರ ಬರುತ್ತದೆ, ಅಷ್ಟೇ. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ ದುರ್ಬಲ ಆಮ್ಲ. ತನ್ನ ಹುಳಿಯ ಬಹುಪಾಲನ್ನು ಕೂಡಿಟ್ಟುಕೊಂಡಿರುತ್ತದೆ, ತೆಳುವಾದಂತೆ ಒಂದೊಂದಾಗಿ ಬಿಡುತ್ತದೆ. ಆದರೆ ಆಮ್ಲದ ಒಟ್ಟು ಪ್ರಮಾಣ ಮೂವತ್ತು ಪಟ್ಟಿಗಿಂತ ಜಾಸ್ತಿ ಇಳಿದಿದೆ. ಚರ್ಮ ಸುಡುತ್ತದೋ ಇಲ್ಲವೋ ಅನ್ನುವುದಕ್ಕೆ ಆ ಪ್ರಮಾಣ ಮತ್ತು ಎಷ್ಟು ಹೊತ್ತು ಇಟ್ಟಿರಿ ಅನ್ನುವುದೂ ಮುಖ್ಯ. ಅದಕ್ಕೇ ತೆಳುನೀರು ಹಾಕಿ ತಕ್ಷಣ ತೊಳೆದವರಿಗೆ ಏನೂ ಆಗದಿರಬಹುದು. ನೀರು ಬೆರೆಸದೆ ವಿನೆಗರ್ ಸುರಿದು, ಮೇಲೆ ಟವೆಲ್ ಕಟ್ಟಿ ಅರ್ಧ ಗಂಟೆ ಕೂತವರ ನೆತ್ತಿ ಸುಡಬಹುದು. ಕೆರೆದು ಗಾಯವಾದ ಕಡೆ ಇನ್ನೂ ಬೇಗ. ಪದೇ ಪದೇ ಹಾಕಿದರೆ ನೆತ್ತಿ ಒಣಗಿ ಪುಡಿ ಉದುರುತ್ತದೆ. ಅದನ್ನೇ ಹೊಟ್ಟು ಅಂದುಕೊಂಡು ಮತ್ತೆ ಹಾಕುತ್ತಾರೆ!

ನಿಂಬೆರಸದ ಕಥೆ ಬೇರೆ. ನಮ್ಮ ಸಣ್ಣ ಕಾಗಜಿ ನಿಂಬೆಯಲ್ಲಿ, ಮುಖ್ಯವಾಗಿ ಸಿಪ್ಪೆಯಲ್ಲಿ, ಫ್ಯೂರೊಕೌಮರಿನ್ ಎಂಬ ವಸ್ತುಗಳಿವೆ. ಇವು ಚರ್ಮದ ಮೇಲಿದ್ದಾಗ ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ಜೀವಕೋಶಗಳಿಗೇ ಪೆಟ್ಟು. ಹಿಂಡಿದ ಹೋಳಿನ ಸಿಪ್ಪೆಯಿಂದಲೇ ನೆತ್ತಿ ಉಜ್ಜಿ, ಕೂದಲು ಒಣಗಲಿ ಅಂತ ಟೆರೇಸಿನಲ್ಲಿ ನಿಂತರೆ ಎರಡೂ ಕೂಡಿಬರುತ್ತವೆ. ಆಗ ಉರಿ ಗೊತ್ತಾಗದೇ ಇರಬಹುದು. ಮರುದಿನ ಅಥವಾ ಎರಡು ಮೂರು ದಿನದಲ್ಲಿ ಹಣೆ, ಕಿವಿ, ಕತ್ತಿನ ಮೇಲೆ ರಸ ಇಳಿದ ದಾರಿಯಲ್ಲೇ ಕೆಂಪು ಗೆರೆ, ಕೆಲವೊಮ್ಮೆ ಗುಳ್ಳೆ. ವಾಸಿಯಾದ ಮೇಲೂ ಕಂದು ಕಲೆ ತಿಂಗಳುಗಟ್ಟಲೆ ಇರಬಹುದು. ಗೆರೆಯ ಈ ಆಕಾರವೇ ಗುರುತು, ಸಾಮಾನ್ಯ ಅಲರ್ಜಿ ಹೀಗೆ ಹರಿದ ದಾರಿ ಹಿಡಿಯುವುದು ಕಡಿಮೆ.

ಉರಿ ಶುರುವಾದರೆ ಸೋಡಾಪುಡಿ ಹಚ್ಚಬೇಡಿ. ಹದಿನೈದು ಇಪ್ಪತ್ತು ನಿಮಿಷ ತಣ್ಣೀರು ಬಿಟ್ಟು ತೊಳೆಯಿರಿ, ಕಣ್ಣಿಗೆ ಹೋಗದಂತೆ ತಲೆ ಹಿಂದಕ್ಕೆ ಬಾಗಿಸಿ. ಗುಳ್ಳೆ ಎದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ತಲೆಹೊಟ್ಟಿಗಾದರೆ ಮೆಡಿಕಲ್ ಶಾಪಿನಲ್ಲಿ ಕೀಟೊಕೊನಜೋಲ್ ಶಾಂಪೂ ಸಿಗುತ್ತದೆ, ಅದು ಯೀಸ್ಟಿನ ಮೇಲೇ ಕೆಲಸ ಮಾಡುತ್ತದೆ.