ಘಾಟಿ ಹತ್ತುವ ಸ್ಕೂಟರ್ ಯಾವುದು?

ಶಿವಮೊಗ್ಗದ ಯಾವ ಶೋರೂಮಿಗೆ ಹೋದರೂ ಎಲೆಕ್ಟ್ರಿಕ್ ಸ್ಕೂಟರಿನ ಬಗ್ಗೆ ಮೊದಲು ಹೇಳುವುದು ಒಂದೇ: ಒಮ್ಮೆ ಚಾರ್ಜ್ ಮಾಡಿದರೆ ಇಷ್ಟು ಕಿಲೋಮೀಟರ್. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಐಡಿಸಿ ಅಂತ ಇದ್ದರೆ, ಅದು ಗಾಡಿಯನ್ನು ರೋಲರ್ ಮೇಲೆ ಓಡಿಸಿ ಅಳೆದ ದೂರ. ಆ ಪರೀಕ್ಷೆಯಲ್ಲಿ ವೇಗ 42 ಕಿ.ಮೀ. ದಾಟುವುದಿಲ್ಲ, ಸರಾಸರಿ 22ರ ಆಸುಪಾಸು. ಏರು ಅನ್ನುವುದು ಅದರಲ್ಲಿ ಇಲ್ಲವೇ ಇಲ್ಲ. ನಮ್ಮ ರಸ್ತೆಯಲ್ಲಿ ಜಾಸ್ತಿ ಇರುವುದೇ ಅದು, ಅಲ್ವಾ?

ಹಾಗಾಗಿ ಕಿಲೋಮೀಟರ್ ಬಿಡಿ, ಬ್ಯಾಟರಿಯಲ್ಲಿ ಎಷ್ಟು ಕಿಲೋವಾಟ್ ಅವರ್ ಇದೆ ಅಂತ ಕೇಳಿ. ಒಂದು ಕಿಲೋವಾಟ್ ಅವರ್ ಅಂದರೆ ಕರೆಂಟ್ ಬಿಲ್ಲಿನ ಒಂದು ಯೂನಿಟ್. ಲೆಕ್ಕ ಹಾಕೋದು ಸುಲಭ.

ತೀರ್ಥಹಳ್ಳಿಯ ಗಂಡ ಹೆಂಡತಿ ಹೆಬ್ರಿಯ ನೆಂಟರ ಮನೆಗೆ ಹೋಗಿ ಬರಬೇಕು ಅಂದುಕೊಳ್ಳಿ. ಗಾಡಿ, ಇಬ್ಬರು, ಒಂದು ಚೀಲ ಸೇರಿ 250 ಕೆ.ಜಿ. ಬ್ಯಾಟರಿ 3 ಯೂನಿಟ್. ಸಾಧಾರಣ ರಸ್ತೆಯಲ್ಲಿ ಕಿ.ಮೀ.ಗೆ 30 ವಾಟ್ ಅವರ್ ಖರ್ಚು ಅಂತಿಟ್ಟುಕೊಳ್ಳೋಣ. ಆಗುಂಬೆ ತನಕ ಸುಮಾರು 33 ಕಿ.ಮೀ.ಗೆ ಒಂದು ಯೂನಿಟ್ ಹೋಗುತ್ತದೆ. ಘಾಟಿ ಇಳಿಯುವಾಗ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಸೋಮೇಶ್ವರದಿಂದ ಹೆಬ್ರಿಗೆ ಇನ್ನೂ 0.4 ಯೂನಿಟ್. ಹೆಬ್ರಿ ತಲುಪಿದಾಗ 1.6 ಯೂನಿಟ್ ಉಳಿದಿರುತ್ತದೆ, ಅರ್ಧಕ್ಕಿಂತ ಜಾಸ್ತಿ. ಸಾಕಲ್ಲ ಅನ್ನಿಸುತ್ತದೆ.

ಸಾಲದು. ಸೋಮೇಶ್ವರದಿಂದ ಆಗುಂಬೆಗೆ ಸುಮಾರು 10 ಕಿ.ಮೀ.ಯಲ್ಲಿ 500 ಮೀಟರ್ ಏರಬೇಕು. 250 ಕೆ.ಜಿ.ಯನ್ನು ಅಷ್ಟು ಎತ್ತರಕ್ಕೆ ಎತ್ತುವುದಕ್ಕೇ 340 ವಾಟ್ ಅವರ್ ಬೇಕು. ಮೋಟಾರಿನಲ್ಲಿ ಸೋರಿಹೋಗುವುದು, ಗಾಳಿಯ ತಡೆ, ಟಯರಿನ ಎಳೆತ ಎಲ್ಲ ಸೇರಿದರೆ ಹತ್ತಿರ ಹತ್ತಿರ 650. ಸಾಧಾರಣ ರಸ್ತೆಯ ಎರಡು ಪಟ್ಟು. ಹೆಬ್ರಿಯಿಂದ ಮನೆ ತನಕ ಒಟ್ಟು 2 ಯೂನಿಟ್ ಬೇಕು. ನೆಂಟರ ಮನೆಯಲ್ಲಿ ಊಟ ಮುಗಿಸಿ ಮಾತಾಡುವಾಗ ಒಂದೂವರೆ ಗಂಟೆ ಚಾರ್ಜಿಗೆ ಹಾಕಿದರೆ ಸಾಧಾರಣ ಚಾರ್ಜರಿನಲ್ಲಿ ಸುಮಾರು ಒಂದು ಯೂನಿಟ್ ತುಂಬುತ್ತದೆ. ಆಗ ಧೈರ್ಯವಾಗಿ ಹೊರಡಬಹುದು.

ಬ್ಯಾಟರಿಯಲ್ಲಿ ಶಕ್ತಿ ಇದ್ದರೂ ಮೋಟಾರ್ ಅದನ್ನು ಎಳೆಯಬೇಕಲ್ಲ. ಇದೇ ಏರನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ಹತ್ತಲು ಸರಾಸರಿ ಒಂದೂವರೆ ಕಿಲೋವಾಟ್ ಬೇಕು, ಕಡಿದಾದ ಕಡೆ ಎರಡೂವರೆ. ಅದೂ ಇಪ್ಪತ್ತು ನಿಮಿಷ ಒಂದೇ ಸಮನೆ. ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುವ 'ಪೀಕ್ ಪವರ್' ಸ್ವಲ್ಪ ಹೊತ್ತಿನ ಮಾತು, ಓವರ್‌ಟೇಕ್ ಮಾಡೋಕೆ ಸರಿ. ನಮಗೆ ಬೇಕಾದದ್ದು ಮೋಟಾರ್ ಬಿಸಿಯಾಗಿ ಸೋಲದೆ ಎಷ್ಟು ಕೊಡುತ್ತದೆ ಅನ್ನುವುದು. ಇದನ್ನು 'ರೇಟೆಡ್' ಅಥವಾ 'ಕಂಟಿನ್ಯುಯಸ್ ಪವರ್' ಅಂತ ಬರೆದಿರುತ್ತಾರೆ. ಬಿಸಿ ಮಿತಿ ಮೀರಿದರೆ ಕಂಟ್ರೋಲರ್ ತಾನೇ ಶಕ್ತಿ ಇಳಿಸುತ್ತದೆ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದ್ದರೂ ವೇಗ 35ರಿಂದ 20ಕ್ಕೆ ಜಾರಿದರೆ ಅದೇ ಕಾರಣ ಇರಬಹುದು. ಟೆಸ್ಟ್ ರೈಡಿಗೆ ಒಬ್ಬರೇ ಹೋಗಬೇಡಿ. ಮನೆಯವರನ್ನೂ ಕೂರಿಸಿಕೊಂಡು ಉದ್ದನೆಯ ಏರಿನಲ್ಲೇ ಓಡಿಸಿ ನೋಡಿ. ಲೈಸೆನ್ಸ್, ನೋಂದಣಿ ಬೇಡದ ಗಾಡಿಗಳ ಮೋಟಾರ್ 250 ವಾಟಿನೊಳಗೇ ಇರಬೇಕು ಅನ್ನುವುದು ನಿಯಮ. ಇಬ್ಬರು ಕೂತು ಘಾಟಿ ಹತ್ತಲು ಅವು ಆಗುವುದಿಲ್ಲ.

ಬ್ಯಾಟರಿಯ ಒಳಗಿನ ರಸಾಯನ ಈಗ ಮುಖ್ಯವಾಗಿ ಎರಡು ಬಗೆ. ಎನ್‌ಎಂಸಿ ಹಗುರ, ಕಡಿಮೆ ಜಾಗದಲ್ಲಿ ಜಾಸ್ತಿ ಶಕ್ತಿ. ಎಲ್‌ಎಫ್‌ಪಿ ಸ್ವಲ್ಪ ಭಾರ, ಆದರೆ ಬಿಸಿಗೆ ಬೇಗ ಕೆರಳುವುದಿಲ್ಲ, ಸಾಮಾನ್ಯವಾಗಿ ಜಾಸ್ತಿ ವರ್ಷ ಬಾಳುತ್ತದೆ. ದಿನಾ ಓಡಾಡುವವರಿಗೆ ನಾನು ಎಲ್‌ಎಫ್‌ಪಿಯನ್ನೇ ಹೇಳುತ್ತೇನೆ. ಅದನ್ನು ಆಗಾಗ ಪೂರ್ತಿ ತುಂಬಿಸಬೇಕು, ಇಲ್ಲದಿದ್ದರೆ ಶೇಕಡಾ ತೋರಿಸುವ ಅಂಕಿ ದಾರಿ ತಪ್ಪುತ್ತದೆ. ಎರಡರಲ್ಲಿ ಯಾವುದೇ ಇರಲಿ, ಆಗುಂಬೆಯಲ್ಲೇ ನೂರಕ್ಕೆ ನೂರು ತುಂಬಿಸಿ ಘಾಟಿ ಇಳಿಯಬೇಡಿ. ಇಳಿಯುವಾಗ ಮೋಟಾರ್ ಗಾಡಿಯನ್ನು ತಡೆಯುತ್ತಾ ಕರೆಂಟ್ ಹುಟ್ಟಿಸಿ ಬ್ಯಾಟರಿಗೆ ಕಳಿಸುತ್ತದೆ. ತುಂಬಿದ ಬ್ಯಾಟರಿಗೆ ಮತ್ತೆ ಶಕ್ತಿ ಹಿಡಿಯುವುದಿಲ್ಲ, ಹಾಗಾಗಿ ಇಳಿಜಾರಿನಲ್ಲಿ ಮೋಟಾರ್ ಗಾಡಿಯನ್ನು ತಡೆದು ಹಿಡಿಯುವುದಿಲ್ಲ. ಹದಿನಾಲ್ಕು ತಿರುವಿನ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಅದೂ ಮಳೆಯಲ್ಲಿ.

ಇನ್ನು ಚಾರ್ಜಿಂಗ್. ಗಾಡಿ ತರುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ನೋಡಿಸಿ. ಅರ್ತ್ ಸರಿಯಿಲ್ಲದಿದ್ದರೆ ಕೆಲವು ಚಾರ್ಜರ್ ಕೆಲಸವೇ ಮಾಡುವುದಿಲ್ಲ. ಮಾಡಿದರೂ ಅಪಾಯ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಹೋಗುವ ಊರಾದರೆ, ಬಿಚ್ಚಿ ಒಯ್ಯುವ ಬ್ಯಾಟರಿಯ ಗಾಡಿ ಹೆಚ್ಚು ಉಪಯೋಗ. ಕರೆಂಟ್ ಇರುವ ಪೇಟೆಯ ಮನೆಗೆ ಬಸ್ಸಿನಲ್ಲೋ ಜೀಪಿನಲ್ಲೋ ಬ್ಯಾಟರಿ ಮಾತ್ರ ಕಳಿಸಬಹುದು.

ಸರ್ವಿಸ್ ಬಗ್ಗೆ ಎರಡು ಪ್ರಶ್ನೆ ಕೇಳಿ. ಬ್ಯಾಟರಿ ಪೆಟ್ಟಿಗೆ ಬಿಚ್ಚಿ ರಿಪೇರಿ ಮಾಡುವವರು ಶಿವಮೊಗ್ಗದಲ್ಲೇ ಇದ್ದಾರಾ, ಇಲ್ಲ ಬೆಂಗಳೂರಿಗೆ ಕಳಿಸಬೇಕಾ? ಗಾಡಿ ಕೊಪ್ಪದಲ್ಲೋ ಹೊಸನಗರದಲ್ಲೋ ನಿಂತುಹೋದರೆ ಹೇರಿಕೊಂಡು ಬರುವ ಬಾಡಿಗೆ ಯಾರದು? ಎರಡಕ್ಕೂ ಉತ್ತರವನ್ನು ಬರೆಸಿಕೊಂಡ ಮೇಲೆಯೇ ಅಡ್ವಾನ್ಸ್ ಕೊಡಿ.